ಹೀಟ್ ಅಂದುಕೊಂಡು ದುಡ್ಡು ಹಾಕಬೇಡಿ, ಮೊದಲು ಎಸ್‌ಎಂಪಿಎಸ್ ಲೇಬಲ್ ಓದಿ

ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಎರಡು ತಿಂಗಳ ಹಿಂದೆ ರೆಂಡರ್ ಅರ್ಧಕ್ಕೆ ಬರುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿತು. ನೀಲಿ ಪರದೆ ಇಲ್ಲ, ಮೆಸೇಜ್ ಇಲ್ಲ. ಟೈಪ್ ಮಾಡುವಾಗ, ಬ್ರೌಸರ್ ನೋಡುವಾಗ ಏನೂ ಆಗುತ್ತಿರಲಿಲ್ಲ.

ಅಂಗಡಿಯವರು ನೋಡಿದ ತಕ್ಷಣ "ಹೀಟ್ ಆಗ್ತಿದೆ ಸರ್" ಅಂದರು. 2,800 ರೂಪಾಯಿ ಕೊಟ್ಟು ಹೊಸ ಕೂಲರ್ ಹಾಕಿಸಿದೆ. ಸರಿಹೋಗಲಿಲ್ಲ. ಆಮೇಲೆ ಮದರ್‌ಬೋರ್ಡ್ ಬದಲಿಸಬೇಕು ಅಂದರು. ಅಲ್ಲಿಗೆ ನಿಲ್ಲಿಸಿ ನಾನೇ ಹುಡುಕಲು ಕೂತೆ. ಕೂಲರ್ ಕೊಳ್ಳುವ ಮೊದಲೇ ಇದನ್ನು ಮಾಡಬೇಕಿತ್ತು.

ಬಿಸಿ, ವೋಲ್ಟೇಜ್ ಎಲ್ಲ ತೋರಿಸುವ HWiNFO ಪ್ರೋಗ್ರಾಂ ಹಾಕಿ, ಅಳತೆಗಳೆಲ್ಲ ಫೈಲಿಗೆ ದಾಖಲಾಗುವಂತೆ ಬಿಟ್ಟು ರೆಂಡರ್ ಶುರು ಮಾಡಿದೆ. ಫೈಲಿಗೆ ಹಾಕುವುದು ಮುಖ್ಯ, ಇಲ್ಲದಿದ್ದರೆ ರೀಸ್ಟಾರ್ಟ್ ಆದಾಗ ಎಲ್ಲವೂ ಹೋಗುತ್ತದೆ. ಕೊನೆಯ ಸಾಲಿನಲ್ಲಿ ಪ್ರೊಸೆಸರ್ 71 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 68 ಡಿಗ್ರಿ. ಇಷ್ಟಕ್ಕೆ ಯಾವ ಕಂಪ್ಯೂಟರೂ ಆಫ್ ಆಗುವುದಿಲ್ಲ.

ನಂತರ ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸುವ `eventvwr` ತೆರೆದು, Windows Logs ಒಳಗಿನ System ನೋಡಿದೆ. ಪ್ರತಿ ರೀಸ್ಟಾರ್ಟಿಗೂ ಒಂದೊಂದು Kernel-Power 41. ಇದರ ಹೆಸರಲ್ಲಿ ಪವರ್ ಅಂತಿದೆ ಎಂದು ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ಸೇ ಕೆಟ್ಟಿದೆ ಅಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ನೋಡಬೇಕಾದದ್ದು Details ಒಳಗಿನ BugcheckCode. ಅಲ್ಲಿ ಸೊನ್ನೆ ಅಲ್ಲದ ಸಂಖ್ಯೆ ಇದ್ದರೆ ವಿಂಡೋಸ್ ಕ್ರ್ಯಾಶ್ ಆಗಿದೆ, ಡ್ರೈವರ್ ಅಥವಾ ರ‍್ಯಾಮ್ ಕಡೆ ಹುಡುಕಬೇಕು. ನನ್ನದರಲ್ಲಿ ಪ್ರತಿ ಸಲವೂ 0. ಅಂದರೆ ದಾಖಲೆ ಬರೆಯುವಷ್ಟು ಹೊತ್ತೂ ವಿಂಡೋಸಿಗೆ ಸಿಕ್ಕಿರಲಿಲ್ಲ.

ಆಗ ಕ್ಯಾಬಿನೆಟ್ ತೆಗೆದು ಎಸ್‌ಎಂಪಿಎಸ್ ಲೇಬಲ್ ಓದಿದೆ. ದಪ್ಪ ಅಕ್ಷರದಲ್ಲಿ 450 ವ್ಯಾಟ್. ಆದರೆ ಕೆಳಗಿನ ಸಣ್ಣ ಪಟ್ಟಿಯಲ್ಲಿ +12V ಎದುರು 18A ಅಂತಿತ್ತು. 12ನ್ನು 18ರಿಂದ ಗುಣಿಸಿದರೆ ಬರೀ 216 ವ್ಯಾಟ್! ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ಈ 12 ವೋಲ್ಟಿನಿಂದಲೇ ಎಳೆಯುತ್ತವೆ. ನನ್ನ ಆರ್‌ಟಿಎಕ್ಸ್ 3060 ಒಂದಕ್ಕೇ 170 ವ್ಯಾಟ್ ಬೇಕು, ರೈಜೆನ್ 5 5600ಗೆ ಸುಮಾರು 75. ಅಲ್ಲಿಗೇ 245 ಆಯ್ತು ಅಲ್ವಾ? ಕಾರ್ಡ್ ಕ್ಷಣಮಾತ್ರ ಇನ್ನೂ ಜಾಸ್ತಿ ಎಳೆಯುವುದೂ ಉಂಟು. ಆ ಕ್ಷಣದ ವೋಲ್ಟೇಜ್ ಕುಸಿತ HWiNFOದಲ್ಲಿ ಕಾಣುವುದಿಲ್ಲ, ಹಾಗಾಗಿ ಅಲ್ಲಿ 12 ವೋಲ್ಟ್ ಸರಿಯಾಗಿ ಕಂಡರೂ ನಂಬಬೇಡಿ.

ಖಾತ್ರಿಗೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಕಾರ್ಡಿನ ವ್ಯಾಟ್ ಮಿತಿ ಇಳಿಸಿದೆ:

```
nvidia-smi -pl 110
```

ಅದೇ ರೆಂಡರ್ ಸ್ವಲ್ಪ ನಿಧಾನವಾಗಿ, ಆದರೆ ಪೂರ್ತಿ ಮುಗಿಯಿತು. ಮತ್ತೆ 170 ಮಾಡಿದೆ, ಏಳು ನಿಮಿಷಕ್ಕೆ ರೀಸ್ಟಾರ್ಟ್. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು.

ಈಗ +12Vನಲ್ಲಿ 54A ಕೊಡುವ 650 ವ್ಯಾಟಿನ ಎಸ್‌ಎಂಪಿಎಸ್ ಹಾಕಿದ್ದೇನೆ. ಮೂರು ವಾರದಿಂದ ಒಮ್ಮೆಯೂ ನಿಂತಿಲ್ಲ. ಹಳೆಯದನ್ನು ರಿಪೇರಿ ಮಾಡೋಣ ಅಂತ ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ತರುವಷ್ಟು ಕರೆಂಟ್ ಉಳಿದಿರಬಹುದು.