‘ಚಾರ್ಜಿಗೆ ಹಾಕ್ಕೊಂಡೇ ಆಡಿ ಸಾರ್, ಏನೂ ಆಗಲ್ಲ’ ಅಂದ್ರು, ನಂಬಿದೆ

ಕೋಪ ಇನ್ನೂ ಇಳಿದಿಲ್ಲ. ಬರೆದದ್ದು ಹಿಂದುಮುಂದಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. 10 ತಿಂಗಳ ಫೋನು, ಬ್ಯಾಟರಿ ಊದಿ ಹಿಂದಿನ ಮುಚ್ಚಳ ಬಾಯಿ ಬಿಟ್ಟಿದೆ.

ಕೊಳ್ಳುವಾಗ ಅಂಗಡಿ ಹುಡುಗನಿಗೆ ಕೇಳಿದ್ದೇ ಒಂದು ಪ್ರಶ್ನೆ: ಚಾರ್ಜಿಗೆ ಹಾಕ್ಕೊಂಡು ಗೇಮ್ ಆಡಬಹುದಾ? "ಗೇಮಿಂಗ್ ಫೋನ್ ಸಾರ್ ಇದು, ರಾತ್ರಿಯಿಡೀ ಆಡಿ, ಏನೂ ಆಗಲ್ಲ" ಅಂದ. ಆಡಿದೆ. 36 ವರ್ಷ ನನಗೆ, ಹೇಳ್ಕೊಳ್ಳೋಕೆ ನಾಚಿಕೆ. ಶಿಫ್ಟ್ ಮುಗಿಸಿ ಬಂದು ಹಾಸಿಗೆ ಮೇಲೆ ಬಿದ್ದು, 33 ವ್ಯಾಟಿನ ಚಾರ್ಜರ್ ಚುಚ್ಚಿ, ದಪ್ಪ ರಬ್ಬರ್ ಕವರ್ ಸಮೇತ ಎರಡು ಮೂರು ತಾಸು ಬಿಜಿಎಂಐ. 100 ಆದ ಮೇಲೂ ವೈರ್ ಕೀಳ್ತಿರಲಿಲ್ಲ. ಯಾಕೆ ಕೀಳಬೇಕು, ಏನೂ ಆಗಲ್ಲ ಅಂದಿದ್ನಲ್ಲ!

ಫೋನು ಮೊದಲೇ ಹೇಳ್ತಿತ್ತು, ನನಗೇ ಗೊತ್ತಾಗಲಿಲ್ಲ. ಸುಮ್ಮನೆ ಇಟ್ರೆ ಒಂದು ತಾಸು ಚಿಲ್ಲರೆಯಲ್ಲಿ ತುಂಬೋ ಚಾರ್ಜು, ಆಡ್ತಾ ಇದ್ರೆ ತುಂಬೋಕೆ ಎರಡು ತಾಸಿನ ಮೇಲೆ ಹಿಡೀತಿತ್ತು. ಚಾರ್ಜರ್ ಕೆಟ್ಟಿದೆ ಅಂದ್ಕೊಂಡೆ. ಅಲ್ಲ. ಗೇಮೇ ಒಂದಷ್ಟು ಕರೆಂಟ್ ತಿಂತಿತ್ತು, ಜೊತೆಗೆ ಬಿಸಿ ಜಾಸ್ತಿಯಾಗಿ ಫೋನೇ ಚಾರ್ಜನ್ನ ಕಡಿಮೆ ಮಾಡ್ಕೊಳ್ತಿತ್ತು. ಒಂದು ದಿನ ಬ್ಯಾಟರಿ ಬಿಸಿ ನೋಡಿದ್ರೆ 46 ಡಿಗ್ರಿ. ಆಗಲಾದರೂ ಬುದ್ಧಿ ಬರಬೇಕಿತ್ತು.

ಹೋದ ವಾರ ಟೇಬಲ್ ಮೇಲೆ ಅಂಗಾತ ಇಟ್ಟೆ, ತೊಟ್ಟಿಲ ಹಾಗೆ ತೂಗಿತು. ವಾಲ್ಯೂಮ್ ಬಟನ್ ಪಕ್ಕದಲ್ಲಿ ಉಗುರು ತೂರುವಷ್ಟು ಸಂದು. ಮುಚ್ಚಳ ಬಿಟ್ಟಿದೆ ಅಂತ ಹೆಬ್ಬೆರಳಲ್ಲಿ ಒತ್ತಿ ಕೂರಿಸೋಕೆ ನೋಡಿದೆ ಬೇರೆ! ದಯವಿಟ್ಟು ಯಾರೂ ಹಾಗೆ ಒತ್ತಬೇಡಿ. ಒಳಗೆ ಗ್ಯಾಸ್ ಆಗಿರುತ್ತೆ, ತೂತಾದ್ರೆ ಬೆಂಕಿ. ಚಾರ್ಜಿಗೂ ಹಾಕಬೇಡಿ, ಆಫ್ ಮಾಡಿ ಬಿಚ್ಚಿಸಿ.

ಸರ್ವಿಸ್ ಸೆಂಟರಿಗೆ ಓಡಿದೆ. ಕೌಂಟರಿನವಳು ಫೋನ್ ತಿರುಗಿಸಿ ನೋಡಿ ಮೊದಲು ಕೇಳಿದ್ದು, "ಚಾರ್ಜಿಗೆ ಹಾಕ್ಕೊಂಡು ಗೇಮ್ ಆಡ್ತೀರಾ ಸಾರ್?" ನಾನು ಪೆದ್ದನ ಹಾಗೆ ಹೂಂ ಅಂದೆ. "ಹಾಗಾದ್ರೆ ಅದು ನಿಮ್ಮ ತಪ್ಪು." ನಿಮ್ಮ ಅಂಗಡಿಯವರೇ ಆಡಿ ಅಂದ್ರಲ್ಲ ಅಂದೆ. "ಬರೆದು ಕೊಟ್ಟಿದ್ದಾರಾ ಸಾರ್?" ಹಿಂದೆ ಕ್ಯೂನಲ್ಲಿದ್ದವರು ನಕ್ಕರು. ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ ಬ್ಯಾಟರಿಗೆ ವಾರಂಟಿ 6 ತಿಂಗಳು ಅಂತ ತೋರಿಸಿದ್ಲು. ಮತ್ತೆ ಅಂಗಡಿಗೆ ಹೋದ್ರೆ, "ಹಾಗೆ ಯಾರು ಅಂದ್ರು? ಆ ಹುಡುಗ ಬಿಟ್ಟು ಹೋದ ಸಾರ್." ಒಂದೇ ಬೋರ್ಡು, ಮಾರೋವಾಗ ಒಂದು ನಾಲಿಗೆ, ರಿಪೇರಿಗೆ ಇನ್ನೊಂದು.

ರಿಪೇರಿ ಮಾಡೋ ಪರಿಚಯದ ಅಣ್ಣನ ಹತ್ರ ಕೂತು ಕೇಳ್ಕೊಂಡ ಮೇಲೆ ಅರ್ಥವಾಗಿದ್ದು ಇಷ್ಟು. ವೈರ್ ಚುಚ್ಚಿ ಆಡಿದ ತಕ್ಷಣ ಬ್ಯಾಟರಿ ಸಾಯೋದಿಲ್ಲ. ಸಾಯಿಸೋದು ಬಿಸಿ. ಪ್ರೊಸೆಸರ್ ಬಿಸಿ, ಫಾಸ್ಟ್ ಚಾರ್ಜಿನ ಬಿಸಿ ಎರಡೂ ಸೇರಿ, ಹಾಸಿಗೆ ಮತ್ತು ಕವರು ಅದನ್ನ ಹೊರಗೆ ಬಿಡೋದಿಲ್ಲ. ಅದರ ಮೇಲೆ 100 ತುಂಬಿದ ಮೇಲೂ ವೈರಲ್ಲೇ ಬಿಟ್ರೆ ಇನ್ನೂ ಕೆಟ್ಟದು. ತುಂಬಿದಾಗ ಒಳಗಿನ ವೋಲ್ಟೇಜ್ ತುದಿಯಲ್ಲಿರುತ್ತೆ, ಆ ಸ್ಥಿತಿಯಲ್ಲಿ ಬಿಸಿಯಾದ್ರೆ ಒಳಗಿನ ದ್ರಾವಣ ಬೇಗ ಕೆಟ್ಟು ಗ್ಯಾಸ್ ಆಗುತ್ತೆ. ನಾನು ಹತ್ತು ತಿಂಗಳು ಮಾಡಿದ್ದು ಅದನ್ನೇ. "ತುಂಬಿಸಿ ಒಲೆ ಮೇಲೆ ಇಟ್ಟಿದ್ದೀಯ" ಅಂದ ಅಣ್ಣ.

ಈಗ ಮೊದಲು ಚಾರ್ಜ್ ಮಾಡ್ತೀನಿ, 80ಕ್ಕೆ ನಿಲ್ಲೋ ಹಾಗೆ ಸೆಟ್ಟಿಂಗ್ ಇಟ್ಟಿದ್ದೀನಿ, ವೈರ್ ಕಿತ್ತು ಆಡ್ತೀನಿ. ಆಡ್ತಾ ಹಾಕಲೇಬೇಕು ಅಂದ್ರೆ ಕವರ್ ಬಿಚ್ಚಿ, ಫ್ಯಾನ್ ಕೆಳಗೆ, ಹಳೇ 10 ವ್ಯಾಟಿನ ನಿಧಾನದ ಚಾರ್ಜರಿಗೆ ಹಾಕ್ತೀನಿ. ಕೆಲವು ಫೋನಲ್ಲಿ ಬೈಪಾಸ್ ಚಾರ್ಜಿಂಗ್ ಅಂತ ಇರುತ್ತೆ, ಕರೆಂಟು ಬ್ಯಾಟರಿಗೆ ಹೋಗದೆ ನೇರವಾಗಿ ಫೋನನ್ನ ನಡೆಸುತ್ತೆ. ಸ್ಯಾಮ್‌ಸಂಗಿನ ಕೆಲವು ಮಾಡೆಲ್‌ಗಳಲ್ಲಿ ಗೇಮ್ ಸೆಟ್ಟಿಂಗಿನೊಳಗೆ Pause USB Power Delivery ಅಂತ ಇದೆ. ‘ಗೇಮಿಂಗ್ ಫೋನು’ ಅಂತ ನನಗೆ ಮಾರಿದ್ದರಲ್ಲಿ ಇದು ಇಲ್ಲವೇ ಇಲ್ಲ. ಕೊಳ್ಳೋಕೆ ಹೋದ್ರೆ ಅಂಗಡಿಯವನನ್ನ ಕೇಳಬೇಡಿ, ಡೆಮೋ ಫೋನಲ್ಲಿ ಸೆಟ್ಟಿಂಗ್ ತೆರೆದು ನೀವೇ ನೋಡಿ.

ಹೊಸ ಬ್ಯಾಟರಿಗೆ 2,200 ರೂಪಾಯಿ ಕೊಟ್ಟೆ. ಫೋನಿನ ಕಂತು ಇನ್ನೂ ಎರಡು ಬಾಕಿ ಇದೆ.