ಒಂದೇ ಆನೆ, ಮೂರು ಬಗೆಯ ಗೆರೆ: ಬಣ್ಣ ಸೋರದ ಚಿತ್ರ ಯಾವುದರಲ್ಲಿ ಬಂತು?

ಅಕ್ಕನ ಮಗಳಿಗೆ ಮೂರು ವರ್ಷ. ಬಣ್ಣ ತುಂಬಲು ಅವಳಿಗೊಂದು ಆನೆ ಬೇಕಿತ್ತು. ಕಾಗದದ ಮೇಲೆ ಕ್ರೇಯಾನ್‌ನಿಂದಲೂ ತುಂಬಬೇಕು, ಟ್ಯಾಬ್‌ನಲ್ಲಿ ಬೆರಳಿಟ್ಟರೂ ತುಂಬಿಕೊಳ್ಳಬೇಕು. ಹಾಗಾಗಿ ಒಂದೇ ಆನೆಯನ್ನು ಮೂರು ರೀತಿಯಲ್ಲಿ ಮಾಡಿದೆ: ಕಾಗದದ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆದು ಫೋಟೋ ತೆಗೆದದ್ದು, ಆ ಫೋಟೋವನ್ನೇ ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನ Trace Bitmap ಮೂಲಕ ವೆಕ್ಟರ್, ಅಂದರೆ ಪಿಕ್ಸೆಲ್‌ಗಳ ಬದಲು ಆಕಾರಗಳಿಂದಾದ ಚಿತ್ರ, ಮಾಡಿದ್ದು, ಮತ್ತೆ ಮೊದಲಿನಿಂದಲೇ ಇಂಕ್‌ಸ್ಕೇಪ್‌ನಲ್ಲಿ ಬರೆದದ್ದು.

ಮೂರಕ್ಕೂ ಪರೀಕ್ಷೆ ಒಂದೇ. ಚಿತ್ರವನ್ನು ಫೋಟೋ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ತೆರೆದು, ಆನೆಯ ಹೊರಗಿನ ಖಾಲಿ ಜಾಗಕ್ಕೆ ಬಕೆಟ್ ಉಪಕರಣದಿಂದ ಕೆಂಪು ಸುರಿಯುವುದು. ಗೆರೆಯಲ್ಲಿ ಎಲ್ಲಾದರೂ ಸಂದಿದ್ದರೆ ಕೆಂಪು ಒಳಗೆ ನುಗ್ಗುತ್ತದೆ. ಕಣ್ಣಿಗೆ ಕಾಣದ ಸಂದೂ ಇದರಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ಆಮೇಲೆ ಕಿವಿ, ಕಾಲು, ಸೊಂಡಿಲು ಎಂದು ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಸುರಿದು ನೋಡಿದೆ.

ಮಾರ್ಕರ್ ಆನೆ ನೋಡಲು ಮೂರರಲ್ಲೂ ಚೆಂದ. ಕೈಗೆರೆಯ ಜೀವಕಳೆ ಬೇರೆಯದೇ. ಆದರೆ ಕೆಂಪು ಸುರಿದ ಕೂಡಲೇ ತಲೆಯೊಳಗೆಲ್ಲ ತುಂಬಿತು. ಹಿಗ್ಗಿಸಿ ಹುಡುಕಿದರೆ, ಕಿವಿಯ ಕೆಳತುದಿ ಕತ್ತಿಗೆ ತಾಗಬೇಕಾದಲ್ಲಿ ಕೂದಲೆಳೆಯಷ್ಟು ಬಿಳುಪು ಉಳಿದಿತ್ತು. ಮಾರ್ಕರ್ ಎತ್ತಿ ಮತ್ತೆ ಇಡುವ ಜಾಗದಲ್ಲೇ ಹೀಗಾಗುವುದು. ಫೋಟೋದ ಬೂದು ನೆರಳು ತೆಗೆಯಲು, ಒಂದು ಮಿತಿಗಿಂತ ಗಾಢವಾದದ್ದನ್ನು ಕಪ್ಪಾಗಿ, ಉಳಿದದ್ದನ್ನು ಬಿಳಿಯಾಗಿ ಮಾಡುವ Threshold ಬಳಸಿದಾಗ ಇನ್ನೊಂದು ತೊಡಕು ಎದುರಾಯಿತು: ಮಿತಿ ಇಳಿಸಿದರೆ ಮಸಿ ತೆಳುವಾದ ಕಡೆ ಗೆರೆ ಕಡಿಯುತ್ತದೆ, ಏರಿಸಿದರೆ ಬೆಳಕು ಕಡಿಮೆ ಬಿದ್ದ ಮೂಲೆಯೇ ಕಪ್ಪಾಗುತ್ತದೆ. ಕಾಗದಕ್ಕೆ ಎಲ್ಲ ಕಡೆಯಿಂದ ಒಂದೇ ಸಮ ಬೆಳಕು ಬೀಳುವಂತೆ ಮತ್ತೊಮ್ಮೆ ಫೋಟೋ ತೆಗೆದು, ಐದಾರು ಸಂದುಗಳನ್ನು ಕುಂಚದಿಂದ ಮುಚ್ಚಿದ ಮೇಲೆ ಸರಿಹೋಯಿತು.

Trace Bitmap ಮೇಲೆ ನನಗಿದ್ದ ಭರವಸೆ ಹೆಚ್ಚು, ಸಿಕ್ಕ ಫಲ ಕಡಿಮೆ. ಅದು ಇದ್ದ ಸಂದನ್ನು ಇದ್ದ ಹಾಗೆಯೇ ನಕಲು ಮಾಡುತ್ತದೆ. ಗೆರೆಯೂ ಅಲ್ಲಿ ಗೆರೆಯಾಗಿ ಉಳಿಯದೆ ಎರಡು ಅಂಚಿನ ಕಪ್ಪು ಆಕಾರವಾಗುತ್ತದೆ. ಆದ್ದರಿಂದ ದಪ್ಪವನ್ನು ಒಂದು ಅಂಕಿ ಬದಲಿಸಿ ಹೆಚ್ಚಿಸಲಾಗದು. ಒಂದು ಉಪಾಯ ಕೈಗೂಡಿತು: ಆ ಕಪ್ಪು ಆಕಾರಕ್ಕೆ 1 ಮಿಲಿಮೀಟರಿನ ಕಪ್ಪು ಅಂಚು ಕೊಟ್ಟರೆ ಪ್ರತಿ ಬದಿಯೂ ಅರ್ಧ ಮಿಲಿಮೀಟರ್ ಉಬ್ಬಿ ಸಣ್ಣ ಸಂದುಗಳು ತಾವೇ ಮುಚ್ಚುತ್ತವೆ. ಆದರೆ ಕಣ್ಣಿನೊಳಗಿನ ಬಿಳಿಚುಕ್ಕೆಯೂ ಅದರ ಜೊತೆಗೇ ಮುಚ್ಚಿಹೋಯಿತು.

ಮೂರನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಿತು, ಆದರೆ ನಾನು ಉಳಿಸಿಕೊಂಡದ್ದು ಅದನ್ನೇ. ಅದರ ಗುಟ್ಟು ಜೋಡಿಸುವ ಕ್ರಮದಲ್ಲಿದೆ. ಕಿವಿಯನ್ನು ತಲೆಗೆ ತಾಗಿ ನಿಲ್ಲುವ ಗೆರೆಯಾಗಿ ಬರೆಯಬಾರದು. ಪೆನ್ ಉಪಕರಣದಲ್ಲಿ ಶುರು ಮಾಡಿದ ಬಿಂದುವಿನ ಮೇಲೇ ಕೊನೆಗೆ ಕ್ಲಿಕ್ಕಿಸಿ ಪೂರ್ತಿ ಮುಚ್ಚಿದ ಆಕಾರ ಮಾಡಿ, ಒಳಗೆ ಬಿಳಿ ತುಂಬಿ, ತಲೆಯ ಮೇಲೆ ಇಡಬೇಕು. ದೇಹ ಕೆಳಗೆ, ಅದರ ಮೇಲೆ ತಲೆ, ಅದರ ಮೇಲೆ ಕಿವಿ. ಹೀಗೆ ಒಂದರ ಮೇಲೊಂದು ಇಟ್ಟರೆ ಎರಡು ಗೆರೆಗಳ ತುದಿ ಕೂಡಿಸುವ ಕೆಲಸವೇ ಇಲ್ಲ, ಸಂದು ಬೀಳುವುದೂ ಇಲ್ಲ. Fill and Stroke ನಲ್ಲಿ ದಪ್ಪ 4 ಮಿಲಿಮೀಟರ್ ಕೊಟ್ಟು, ಮೂಲೆಗಳನ್ನು ದುಂಡಗೆ ಮಾಡಿದೆ. ಕೆಂಪು ಸುರಿದೆ, ಒಳಗೆ ಒಂದು ಚುಕ್ಕೆಯೂ ಬರಲಿಲ್ಲ.

ಇದರಲ್ಲೂ ಎಡವಿದ್ದೇನೆ. ದಪ್ಪ ಗೆರೆ ಆಕಾರದ ಅಂಚಿನ ನಡುವೆ ಕೂರುತ್ತದೆ, ಅಂದರೆ ಅರ್ಧ ಒಳಗೆ, ಅರ್ಧ ಹೊರಗೆ. 8 ಮಿಲಿಮೀಟರ್ ಅಗಲ ಬರೆದ ಕಾಲುಗುರಿನಲ್ಲಿ ಎರಡೂ ಬದಿಯ ಗೆರೆ ಕಳೆದು ಉಳಿದ ಬಿಳುಪು 4 ಮಿಲಿಮೀಟರ್ ಮಾತ್ರ. ಮಗುವಿನ ಕ್ರೇಯಾನ್ ಮೊನೆಗೆ ಅದೆಲ್ಲಿ ಸಾಲುತ್ತದೆ? ಉಗುರುಗಳನ್ನೆಲ್ಲ ಅಳಿಸಿದೆ. ಸೊಂಡಿಲಿನ ಸುಕ್ಕುಗಳೂ ಹೋದವು. ಒಂದೇ ಗೆರೆಯ ಬಾಲವನ್ನು ಬೆರಳಿನಷ್ಟು ಅಗಲದ ಮುಚ್ಚಿದ ಆಕಾರ ಮಾಡಿದೆ. ಇನ್ನೊಂದು: A4 ಹಾಳೆಯ ಚಿತ್ರವನ್ನು A5 ಅಳತೆಗೆ ಮುದ್ರಿಸಿದರೆ 4 ಮಿಲಿಮೀಟರಿನ ಗೆರೆ 2.8 ಆಗುತ್ತದೆ. ಚಿಕ್ಕದಾಗಿ ಮುದ್ರಿಸುವುದಿದ್ದರೆ ಮೊದಲೇ ದಪ್ಪ ಹೆಚ್ಚಿಸಿಟ್ಟುಕೊಳ್ಳಬೇಕು.

ಟ್ಯಾಬ್‌ಗೆ 300 ಡಿಪಿಐನ PNG ಮಾಡಿದಾಗ, ಸುರಿದ ಬಣ್ಣಕ್ಕೂ ಕಪ್ಪು ಗೆರೆಗೂ ನಡುವೆ ಮಾಸಲು ಬಿಳಿ ಎಳೆ ಕಂಡಿತು. ಅಂಚು ನಯವಾಗಿ ಕಾಣಲೆಂದು ಸೇರುವ ಬೂದು ಪಿಕ್ಸೆಲ್‌ಗಳು ಅವು. ಒಮ್ಮೆ Threshold ಹಾಕಿ ಬರೀ ಕಪ್ಪು-ಬಿಳುಪು ಮಾಡಿದರೆ ಆ ಎಳೆ ಮಾಯ. ಗೆರೆಯೇ 47 ಪಿಕ್ಸೆಲ್ ದಪ್ಪ ಇರುವುದರಿಂದ ಅಂಚು ಒರಟಾದದ್ದು ಗೊತ್ತೇ ಆಗುವುದಿಲ್ಲ.

ಒಂದೇ ಸಲ ಬಳಸುವ ಚಿತ್ರವಾದರೆ, ಅದೂ ಕಾಗದಕ್ಕೆ ಮಾತ್ರ ಎಂದಾದರೆ, ನಾನು ಈಗಲೂ ಮಾರ್ಕರನ್ನೇ ಹಿಡಿಯುತ್ತೇನೆ. ಕ್ರೇಯಾನ್‌ಗೆ ಕೂದಲೆಳೆ ಸಂದು ಲೆಕ್ಕಕ್ಕೇ ಇಲ್ಲ. ಟ್ಯಾಬ್‌ಗಾದರೆ ಒಂದರ ಮೇಲೊಂದು ಇಟ್ಟ ಮುಚ್ಚಿದ ಆಕಾರಗಳೇ ಆಗಬೇಕು.