ಕೆಲಸ ಬಿಡೋ ಮುಂಚೆ ಇನ್ಶೂರೆನ್ಸ್ ಕಂಪನಿಗೆ ಒಂದು ಪತ್ರ ಬರೆಯಿರಿ. ನಾನು ಬರೆಯಲಿಲ್ಲ

ನಾಲ್ಕು ವರ್ಷ ಒಂದೇ ಕಂಪನಿಯಲ್ಲಿದ್ದೆ. ಆಫೀಸಿನ ಗ್ರೂಪ್ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ನಾನು, ಹೆಂಡತಿ, ಮಗಳು ಮೂವರೂ ಇದ್ದೆವು. 5 ಲಕ್ಷದ ಕವರ್. ರಾಜೀನಾಮೆ ಕೊಟ್ಟಾಗ ಎಚ್‌ಆರ್‌ನವರನ್ನು ಕೇಳಿದೆ. "ಬೇಕಾದ್ರೆ ಪರ್ಸನಲ್ ಪಾಲಿಸಿಗೆ ಬದಲಾಯಿಸ್ಕೋಬಹುದು ಸರ್" ಅಂದರು. ಯಾವಾಗ, ಹೇಗೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗ್ರೂಪ್ ಪಾಲಿಸಿಯ ಅವಧಿ ಮುಗಿಯಲು ಇನ್ನೂ ಏಳು ತಿಂಗಳಿತ್ತು. ಅಲ್ಲಿವರೆಗೆ ಕವರ್ ಇರುತ್ತೆ ಅಂದುಕೊಂಡಿದ್ದೆ. ಇರಲಿಲ್ಲ. ಕೊನೆಯ ಕೆಲಸದ ದಿನಕ್ಕೇ ನಮ್ಮ ಮೂವರ ಹೆಸರನ್ನೂ ತೆಗೆದಿದ್ದರು. ಇದು ಗೊತ್ತಾಗಿದ್ದು ಮೂರು ವಾರ ಆದಮೇಲೆ, ಆ್ಯಪ್‌ನಲ್ಲಿ ಕಾರ್ಡ್ ತೆರೆಯದೇ ಹೋದಾಗ.

ಗಾಬರಿಯಲ್ಲಿ ಅದೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದೆ. ಅಲ್ಲಿದ್ದ ಹುಡುಗ ಹತ್ತೇ ನಿಮಿಷದಲ್ಲಿ ಪಾಲಿಸಿ ಮಾಡಿಕೊಟ್ಟ. "ಅದೇ ಕಂಪನಿ ಅಲ್ವಾ ಸರ್, ಹಳೇ ವರ್ಷಗಳೆಲ್ಲ ತಾನಾಗೇ ಬರುತ್ತೆ" ಅಂದ. ನಂಬಿದೆ. ಪ್ರಪೋಸಲ್ ಫಾರ್ಮ್‌ನಲ್ಲಿ ಹಿಂದಿನ ಪಾಲಿಸಿಯ ವಿವರ ಕೇಳುವ ಜಾಗ ಖಾಲಿ ಇತ್ತು. ಅದನ್ನು ಆಮೇಲೆ ನೋಡಿದೆ.

ಐದು ತಿಂಗಳಿಗೆ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್. ಕ್ಯಾಶ್‌ಲೆಸ್ ತಿರಸ್ಕಾರ ಆಯಿತು. ಕಾರಣ ಒಂದೇ ಸಾಲು: ಈ ಕಾಯಿಲೆಗೆ 24 ತಿಂಗಳ ಕಾಯುವ ಅವಧಿ ಇದೆ, ಪಾಲಿಸಿಗೆ ಐದೇ ತಿಂಗಳು. ನಾಲ್ಕು ವರ್ಷದ ಗ್ರೂಪ್ ಕವರ್ ಲೆಕ್ಕಕ್ಕೆ ಬಂದಿದ್ದರೆ ಆ 24 ತಿಂಗಳು ಯಾವಾಗಲೋ ಮುಗಿದಿರುತ್ತಿತ್ತು. ದೂರು ಕೊಟ್ಟೆ. "ನೀವು ಮೈಗ್ರೇಷನ್ ಕೇಳಿದ ದಾಖಲೆ ಕಳಿಸಿ" ಅಂದರು. ಫೋನಿನಲ್ಲಿ ಕೇಳಿದ್ದೆ ಅಷ್ಟೇ, ಕಾಗದ ಎಲ್ಲಿಂದ ತರಲಿ? ಪೂರ್ತಿ ಬಿಲ್ ನಾವೇ ಕಟ್ಟಿದೆವು.

ಅದೇ ಕಂಪನಿಯ ಗ್ರೂಪ್ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಹೋಗುವುದಕ್ಕೆ ಮೈಗ್ರೇಷನ್ ಅಂತಾರೆ. ಗ್ರೂಪ್ ಬಿಟ್ಟು ಹೋಗುವವರಿಗೆ ಇದನ್ನು ಕೇಳುವ ಅವಕಾಶ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮದಲ್ಲೇ ಇದೆ. ಆದರೆ ಅದನ್ನು ನಾವೇ ಕೇಳಬೇಕು. ಕೇಳದಿದ್ದರೆ ನಮಗೆ ಸಿಗೋದು ಹೊಸ ಪಾಲಿಸಿ.

ಈಚೆಗೆ ನನ್ನ ಭಾಮೈದ ಕೆಲಸ ಬಿಟ್ಟ. ನೋಟಿಸ್ ಪೀರಿಯಡ್ ಶುರುವಾದ ವಾರವೇ ಕೂರಿಸಿಕೊಂಡು ಬರೆಸಿದೆ. ಮುಖ್ಯ ಭಾಗ ಹೀಗಿತ್ತು:

"ನಾನು ಈ ಗ್ರೂಪ್ ಪಾಲಿಸಿಯ ಸದಸ್ಯ. ಪಾಲಿಸಿ ನಂಬರ್, ಸದಸ್ಯತ್ವದ ನಂಬರ್ ಕೆಳಗಿವೆ. ನನ್ನ ಕೊನೆಯ ಕೆಲಸದ ದಿನ ಇಂಥದ್ದು. ನನ್ನನ್ನೂ ಕೆಳಗೆ ಹೆಸರಿಸಿದ ಕುಟುಂಬದವರನ್ನೂ ನಿಮ್ಮ ಫ್ಯಾಮಿಲಿ ಫ್ಲೋಟರ್ ಪಾಲಿಸಿಗೆ ಮೈಗ್ರೇಷನ್ ಮಾಡಿಕೊಡಿ. ಹೊಸ ಕವರ್ ಗ್ರೂಪ್ ಕವರ್ ಮುಗಿದ ಮರುದಿನದಿಂದಲೇ ಶುರುವಾಗಬೇಕು. ಗ್ರೂಪ್‌ನಲ್ಲಿ ಕಳೆದ ಅವಧಿಯನ್ನು ಕಾಯುವ ಅವಧಿಗಳಿಗೂ ಮೊರಟೋರಿಯಂಗೂ ಲೆಕ್ಕ ಹಿಡಿಯಿರಿ. ನಿಮ್ಮ ನಿರ್ಧಾರವನ್ನು ಬರಹದಲ್ಲೇ ತಿಳಿಸಿ."

ಮೊರಟೋರಿಯಂ ಅಂದರೆ, ಇಷ್ಟು ಕಾಲ ಸತತವಾಗಿ ಕವರ್ ಇದ್ದಮೇಲೆ ವಂಚನೆ ಸಾಬೀತಾಗದ ಹೊರತು, ವಿವರ ಮುಚ್ಚಿಟ್ಟಿದ್ದೀರಿ ಅಂತ ಕಂಪನಿ ಕ್ಲೇಮ್ ತಿರಸ್ಕರಿಸೋಕೆ ಆಗಲ್ಲ ಅನ್ನೋ ಅವಧಿ.

ಜೊತೆಗೆ ಎಚ್‌ಆರ್‌ನಿಂದ ಒಂದು ಪತ್ರ, ಗ್ರೂಪ್‌ಗೆ ಸೇರಿದ ದಿನ ಮತ್ತು ಬಿಡುವ ದಿನ ಎರಡೂ ಇರುವಂಥದ್ದು. ಪ್ರತಿ ವರ್ಷದ ಇ-ಕಾರ್ಡ್ ಕೂಡ. ಅವನ ಆಫೀಸು ಮಧ್ಯದಲ್ಲಿ ಒಮ್ಮೆ ಇನ್ಶೂರೆನ್ಸ್ ಕಂಪನಿ ಬದಲಾಯಿಸಿತ್ತು. ಹಳೇ ಕಂಪನಿಯ ಕಾರ್ಡ್ ಇಲ್ಲದಿದ್ದರೆ ಆ ವರ್ಷಗಳನ್ನು ತೋರಿಸೋದು ಕಷ್ಟ. ಆಫೀಸಿನ ಇಮೇಲ್ ಬಂದ್ ಆದಮೇಲೆ ಇವೆಲ್ಲ ಸಿಗಲ್ಲ, ಹಾಗಾಗಿ ಮೊದಲೇ ಡೌನ್‌ಲೋಡ್ ಮಾಡಿಟ್ಟ. ಪತ್ರ ಹೋಗಿದ್ದು ಸ್ವಂತ ಇಮೇಲ್‌ನಿಂದ, ಎಚ್‌ಆರ್‌ಗೂ ಒಂದು ಪ್ರತಿ.

ಪತ್ರ ಬರೆದರೆ ಎಲ್ಲವೂ ಸಿಗುತ್ತೆ ಅಂತಲ್ಲ. ಕಂಪನಿ ಆರೋಗ್ಯದ ವಿವರ ಕೇಳಬಹುದು, ಪ್ರೀಮಿಯಂ ಜಾಸ್ತಿ ಹೇಳಬಹುದು. ತುಂಬಾ ಜನ ಎಡವೋದು ಇನ್ನೊಂದು ಕಡೆ. ಗ್ರೂಪ್ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದ ಕವರ್ ಇರುತ್ತೆ. ಆ ವಿನಾಯಿತಿ ನಮ್ಮ ಜೊತೆ ಬರಲ್ಲ, ಕಳೆದ ವರ್ಷಗಳು ಮಾತ್ರ ಬರುತ್ತವೆ. ಭಾಮೈದನಿಗೆ ಬಿಪಿ ಇದೆ, ಗ್ರೂಪ್‌ನಲ್ಲಿದ್ದದ್ದು ಎರಡು ವರ್ಷ. ಹೊಸ ಪಾಲಿಸಿಯಲ್ಲಿ ಅದಕ್ಕೆ 36 ತಿಂಗಳ ಕಾಯುವ ಅವಧಿ. 24 ಕಳೆದು ಇನ್ನು 12 ಕಾಯಬೇಕು. ಅವನು 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಿಕೊಂಡ. ಹಳೇ ವರ್ಷಗಳ ಲೆಕ್ಕ ಮೊದಲ 5 ಲಕ್ಷಕ್ಕೆ ಮಾತ್ರ, ಮೇಲಿನ 5 ಲಕ್ಷಕ್ಕೆ ಪೂರ್ತಿ 36 ತಿಂಗಳು.

ಪಾಲಿಸಿ ಕೈಗೆ ಬಂದ ದಿನವೇ ಮೊದಲ ಪುಟ ತೆಗೆದು, ಮೊದಲ ಪಾಲಿಸಿ ಶುರುವಾದ ದಿನಾಂಕ ಅಂತ ಇರುವ ಸಾಲು ನೋಡಿ. ಅಲ್ಲಿ ಹಳೇ ದಿನಾಂಕ ಇಲ್ಲದಿದ್ದರೆ, ಪಾಲಿಸಿ ಬೇಡ ಅನಿಸಿದರೆ ವಾಪಸ್ ಕೊಡಬಹುದಾದ ಫ್ರೀ ಲುಕ್ ಅವಧಿಯ 30 ದಿನದೊಳಗೇ ತಿದ್ದುಪಡಿ ಕೇಳಿ ಇಮೇಲ್ ಹಾಕಿ. ನನ್ನ ಪಾಲಿಸಿಯಲ್ಲಿ ಆ ಜಾಗದಲ್ಲಿ ಹೊಸ ಪಾಲಿಸಿಯ ದಿನಾಂಕವೇ ಇತ್ತು. ನಾನು ಪಾಲಿಸಿ ಬಂದ ಆ ಲಕೋಟೆ ಒಡೆದು ನೋಡಿದ್ದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ.